ಜಾಹೀರಾತಿನ ತಲೆಬರಹ

ಒಂದೇ ಕೋರ್ಸಿನ ಜಾಹೀರಾತಿಗೆ ಬರೆದ ಎರಡು ತಲೆಬರಹಗಳನ್ನು ಓದಿ.

ಒಂದು: 8 ವಾರದಲ್ಲಿ ಪೈಥಾನ್ ಕಲಿಯಿರಿ

ಎರಡು: ಸಂದರ್ಶನದಲ್ಲಿ ಕೋಡ್ ಬರೆಯಬಲ್ಲಿರಾ?

ಕಾಲೇಜು ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಕೋಡಿಂಗ್ ಕಲಿಸುವ ಪುಟ್ಟ ಸಂಸ್ಥೆಯೊಂದು ನಿಮ್ಮದು ಎಂದಿಟ್ಟುಕೊಳ್ಳಿ. ಫೀಸು ₹2,999. ಗೂಗಲ್‌ನಲ್ಲಿ ಯಾರಾದರೂ ‘ಪೈಥಾನ್ ಕೋರ್ಸ್’ ಎಂದು ಹುಡುಕಿದರೆ ನಿಮ್ಮ ಜಾಹೀರಾತು ಕಾಣಬೇಕು, ಅದನ್ನು ಒತ್ತಿದಾಗಲೆಲ್ಲ ನೀವು ದುಡ್ಡು ಕೊಡಬೇಕು. ಇವೆರಡರಲ್ಲಿ ಯಾವ ಸಾಲನ್ನು ಹಾಕುತ್ತೀರಿ? ಒಂದನ್ನು ಆರಿಸಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಲೇಖನದ ಕೊನೆಗೆ ಅದರ ಹಣೆಬರಹ ಏನಾಯಿತೆಂದು ನೋಡೋಣ.

ಕಚೇರಿಯಲ್ಲಿ ಈ ಪ್ರಶ್ನೆ ಎದ್ದರೆ ಸಾಮಾನ್ಯವಾಗಿ ಗೆಲ್ಲುವುದು ಮಾಲೀಕರ ಅಭಿಪ್ರಾಯ, ಇಲ್ಲವೇ ಗಟ್ಟಿ ದನಿಯಲ್ಲಿ ಮಾತಾಡುವವರದು. ಇದನ್ನು ತಪ್ಪಿಸಲು ಜಾಹೀರಾತಿನವರು ಕಂಡುಕೊಂಡ ದಾರಿಗೆ ಸ್ಪ್ಲಿಟ್ ಟೆಸ್ಟ್ ಅಥವಾ ಎ/ಬಿ ಟೆಸ್ಟ್ ಎಂದು ಹೆಸರು. ನೋಡುವವರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮೊದಲ ಸಾಲು, ಇನ್ನೊಂದಕ್ಕೆ ಎರಡನೆಯದನ್ನು ತೋರಿಸಿ, ಬಂದದ್ದನ್ನು ಎಣಿಸುವುದು. ಕೇಳಲು ಇಷ್ಟು ಸುಲಭ. ತೊಡಕಿರುವುದು ಏನನ್ನು ಎಣಿಸಬೇಕು, ಎಲ್ಲಿಯತನಕ ಎಣಿಸಬೇಕು ಎಂಬುದರಲ್ಲಿ.

ಕೂಪನ್ ಕತ್ತರಿಸಿ ಕಳಿಸುತ್ತಿದ್ದ ಕಾಲ

ಈ ವಿದ್ಯೆ ಇಂಟರ್ನೆಟ್ಟಿಗಿಂತ ಹಳೆಯದು. ಅಮೆರಿಕದಲ್ಲಿ ಅಂಚೆಯ ಮೂಲಕ ಸರಕು ಮಾರುತ್ತಿದ್ದವರು ಪತ್ರಿಕೆಯ ಜಾಹೀರಾತಿನ ಮೂಲೆಯಲ್ಲೊಂದು ಕೂಪನ್ ಅಚ್ಚು ಹಾಕಿಸುತ್ತಿದ್ದರು. ಬೇಕಾದವರು ಅದನ್ನು ಕತ್ತರಿಸಿ, ವಿಳಾಸ ಬರೆದು ಕಳಿಸಬೇಕು. ಪ್ರತಿ ಜಾಹೀರಾತಿನ ಕೂಪನ್ನಿಗೂ ಬೇರೆ ಬೇರೆ ಗುರುತಿನ ಸಂಖ್ಯೆ. ಹೀಗಾಗಿ ಅಂಚೆಯವನು ತಂದ ಕಟ್ಟು ಬಿಚ್ಚಿದರೆ ಯಾವ ತಲೆಬರಹ ಎಷ್ಟು ಜನರನ್ನು ಎಬ್ಬಿಸಿತು ಎಂಬುದು ಲೆಕ್ಕಕ್ಕೆ ಸಿಗುತ್ತಿತ್ತು. ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರ 1923ರಲ್ಲೇ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕದಲ್ಲಿ ಈ ಪದ್ಧತಿಯನ್ನು ವಿವರಿಸಿದ.

ಅವನ ನಂತರದ ಜಾನ್ ಕೇಪಲ್ಸ್‌ನ ಹೆಸರು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು, ಏಕೆಂದರೆ ಅವನು ಮಾರಿದ್ದೂ ಒಂದು ಕೋರ್ಸನ್ನೇ. ಮನೆಯಲ್ಲಿ ಕೂತು ಅಂಚೆಯ ಪಾಠದಿಂದ ಸಂಗೀತ ಕಲಿಸುತ್ತಿದ್ದ ಸಂಸ್ಥೆಗೆ 1920ರ ದಶಕದಲ್ಲಿ ಅವನು ಬರೆದ ತಲೆಬರಹದ ಸಾರ ಇಷ್ಟು: ನಾನು ಪಿಯಾನೋ ಮುಂದೆ ಕೂತಾಗ ಎಲ್ಲರೂ ನಕ್ಕರು, ನುಡಿಸತೊಡಗಿದಾಗ ಏನಾಯಿತು ಗೊತ್ತೇ! ಜಾಹೀರಾತಿನ ಚರಿತ್ರೆಯಲ್ಲಿ ಅತಿ ಹೆಚ್ಚು ಅನುಕರಣೆ ಕಂಡ ಸಾಲುಗಳಲ್ಲಿ ಅದೂ ಒಂದು. ಮುಂದೆ ಪತ್ರಿಕೆಗಳೇ ಒಂದು ಅನುಕೂಲ ಮಾಡಿಕೊಟ್ಟವು. ಒಂದೇ ದಿನದ ಪತ್ರಿಕೆಯ ಒಂದು ಪ್ರತಿಯಲ್ಲಿ ಒಂದು ಜಾಹೀರಾತು, ಅದರ ಹಿಂದೆಯೇ ಬರುವ ಪ್ರತಿಯಲ್ಲಿ ಇನ್ನೊಂದು. ಒಂದೇ ಬೀದಿಯ ಎರಡು ಮನೆಗೆ ಎರಡು ತಲೆಬರಹ. ‘ಸ್ಪ್ಲಿಟ್’ ಎಂಬ ಮಾತಿನ ಮೂಲ ಅದು.

ಗದ್ದೆಯ ಉದಾಹರಣೆ ತೆಗೆದುಕೊಂಡರೆ ಇದರ ಮರ್ಮ ತಿಳಿಯುತ್ತದೆ. ಹೊಸ ರಾಗಿ ತಳಿಯನ್ನು ಕಾಲುವೆ ಪಕ್ಕದ ಹೊಲದಲ್ಲಿ, ಹಳೆಯದನ್ನು ದಿಬ್ಬದ ಮೇಲೆ ಬಿತ್ತಿ, ಹೊಸದೇ ಮೇಲು ಎಂದರೆ ರೈತರು ನಗುತ್ತಾರೆ. ಹಾಗೆಯೇ ಈ ವಾರ ಒಂದು ತಲೆಬರಹ, ಮುಂದಿನ ವಾರ ಇನ್ನೊಂದು ಹಾಕಿ ಹೋಲಿಸಿದರೆ ಪರೀಕ್ಷೆಯಾಗುವುದಿಲ್ಲ. ಈ ವಾರ ಇಂಟರ್ನಲ್ಸ್ ಇದ್ದಿರಬಹುದು, ಮುಂದಿನ ವಾರ ಕ್ಯಾಂಪಸ್ಸಿಗೆ ಕಂಪನಿ ಬಂದಿರಬಹುದು. ಎರಡೂ ಸಾಲು ಒಂದೇ ಹೊತ್ತಿನಲ್ಲಿ, ಒಂದೇ ಬಗೆಯ ಜನರ ಮುಂದೆ ನಿಲ್ಲಬೇಕು.

ಮೂವತ್ತು ಅಕ್ಷರದ ಜಾಗ

ಗೂಗಲ್‌ನ ಹುಡುಕಾಟದ ಜಾಹೀರಾತಿನಲ್ಲಿ ಒಂದು ತಲೆಬರಹಕ್ಕೆ ಸಿಗುವ ಜಾಗ 30 ಅಕ್ಷರ. ಇಂಗ್ಲಿಷಿನಲ್ಲಿ ಅದು ಐದಾರು ಪದ. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಮ್ಮೆ ಎಡವುತ್ತಾರೆ. ‘ಸಂದರ್ಶನದಲ್ಲಿ’ ಎಂಬ ಪದ ನಮ್ಮ ಕಣ್ಣಿಗೆ ಸಂ, ದ, ರ್ಶ, ನ, ದ, ಲ್ಲಿ ಎಂಬ ಆರು ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಗುರುತು, ಅನುಸ್ವಾರ, ಒತ್ತಕ್ಷರದ ಕೊಂಡಿ ಎಲ್ಲವೂ ಬೇರೆ ಬೇರೆ, ಹಾಗಾಗಿ ಅದೇ ಪದ 12 ಆಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಮೊದಲ ತಲೆಬರಹ 25, ಎರಡನೆಯದು ಸರಿಯಾಗಿ 30. ಇನ್ನೊಂದು ಅಕ್ಷರಕ್ಕೂ ಎಡೆಯಿಲ್ಲ.

ಇಷ್ಟು ಕಿರಿದಾದ ಜಾಗದಲ್ಲಿ ಒಂದು ಸಾಲು ಒಂದೇ ಮಾತು ಹೇಳಬಲ್ಲದು. ಆದ್ದರಿಂದ ಬಲ್ಲವರು ಪದಗಳನ್ನು ಅದಲು ಬದಲು ಮಾಡುವ ಮೊದಲು ವಿದ್ಯಾರ್ಥಿಯ ಮನಸ್ಸಿನಲ್ಲಿರುವ ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಸಮಯವಿಲ್ಲ ಎನ್ನುವವನಿಗೆ ದಿನಕ್ಕೆ 1 ಗಂಟೆ, 8 ವಾರ, ಪೈಥಾನ್. ದುಡ್ಡಿನ ಯೋಚನೆಯವಳಿಗೆ ₹2,999ಕ್ಕೆ ಪೈಥಾನ್ ಕೋರ್ಸ್. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ವೀಡಿಯೊ ನೋಡಿ ಸುಸ್ತಾದವನಿಗೆ ಕನ್ನಡದಲ್ಲೇ ಕೋಡಿಂಗ್ ಕಲಿಯಿರಿ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ತಂದು ವೈವಾದಲ್ಲಿ ತಡವರಿಸುವ ಭಯ ಇರುವವರಿಗೆ ಪ್ರಾಜೆಕ್ಟ್ ಕೊಳ್ಳಬೇಡಿ, ಬರೆಯಿರಿ. ಇವು ನಾಲ್ಕು ಬೇರೆ ಕಾರಣಗಳು. ಮೊದಲ ಸುತ್ತಿನ ಪರೀಕ್ಷೆ ಕಾರಣ ಕಾರಣಗಳ ನಡುವೆ ನಡೆಯಬೇಕು. ‘ಕಲಿಯಿರಿ’ ಮೇಲೋ ‘ಕಲಿಯೋಣ ಬನ್ನಿ’ ಮೇಲೋ ಎಂಬುದು ಗೆದ್ದ ಕಾರಣವನ್ನು ಕೈಯಲ್ಲಿಟ್ಟುಕೊಂಡು ನಂತರ ನೋಡುವ ಮಾತು. ಸಣ್ಣ ಪದ ತರುವ ವ್ಯತ್ಯಾಸ ಸಣ್ಣದೇ ಇರುತ್ತದೆ, ಸಣ್ಣ ವ್ಯತ್ಯಾಸ ಹಿಡಿಯಲು ಬಹಳ ದುಡ್ಡು ಬೇಕು.

ನಾಲ್ಕನ್ನೂ ಒಟ್ಟಿಗೆ ಓಡಿಸುವ ಆಸೆ ಆಗುತ್ತದೆ. ಸಣ್ಣ ಬಜೆಟ್ಟಿನವರಿಗೆ ಎರಡೇ ಸಾಕು. ಹಣ ನಾಲ್ಕು ಪಾಲಾದರೆ ಯಾವ ಪಾಲಿನಿಂದಲೂ ತೀರ್ಪು ಹೊರಡುವುದಿಲ್ಲ.

ಯಂತ್ರವೇ ಆಯ್ದುಕೊಂಡರೆ

ಈಗ ಗೂಗಲ್‌ನಲ್ಲಿ ಒಂದು ಜಾಹೀರಾತಿಗೆ 15 ತಲೆಬರಹಗಳವರೆಗೆ ಕೊಡಬಹುದು. ಯಾರಿಗೆ ಯಾವುದು ಹೊಂದುತ್ತದೆಂದು ಅದೇ ಲೆಕ್ಕ ಹಾಕಿ, ಒಂದು ಸಲಕ್ಕೆ ಹೆಚ್ಚೆಂದರೆ ಮೂರನ್ನು ಜೋಡಿಸಿ ತೋರಿಸುತ್ತದೆ. ಇದಕ್ಕೆ ರೆಸ್ಪಾನ್ಸಿವ್ ಸರ್ಚ್ ಆ್ಯಡ್ ಎನ್ನುತ್ತಾರೆ. ಬರೆದವನು ಬರೆದಂತೆಯೇ ನಿಲ್ಲುವ ಹಳೆಯ ಬಗೆಯ ಜಾಹೀರಾತನ್ನು ಹೊಸದಾಗಿ ಮಾಡುವುದಕ್ಕೆ 2022ರ ಜೂನ್ 30 ಕೊನೆಯ ದಿನವಾಗಿತ್ತು.

ಮಾರಾಟಕ್ಕೆ ಇದು ಅನುಕೂಲ, ಪರೀಕ್ಷೆಗೆ ತೊಡಕು. ಯಂತ್ರ ತನಗೆ ಹಿಡಿಸಿದ ಸಾಲನ್ನು ಹೆಚ್ಚು ಸಲ, ಉಳಿದುದನ್ನು ಅಪರೂಪಕ್ಕೆ ತೋರಿಸುತ್ತದೆ. ಜೊತೆಗೆ ಯಾವ ಸಾಲಿನ ಪಕ್ಕ ಯಾವುದು ಕೂತಿತ್ತು ಎಂಬುದೂ ಬೆರೆತುಹೋಗುತ್ತದೆ. ಕಾಲುವೆ ಪಕ್ಕದ ಹೊಲ, ದಿಬ್ಬದ ಹೊಲದ ಕಥೆಯೇ ಮತ್ತೆ.

ಇದಕ್ಕೆ ದಾರಿ ಇದೆ. ಪರೀಕ್ಷಿಸಬೇಕಾದ ಸಾಲನ್ನು ಮೊದಲ ಸ್ಥಾನಕ್ಕೆ ‘ಪಿನ್’ ಮಾಡಬೇಕು, ಆಗ ಅದು ಅಲ್ಲಿಂದ ಕದಲುವುದಿಲ್ಲ. ಉಳಿದ ತಲೆಬರಹ, ಕೆಳಗಿನ ವಿವರಣೆ, ಒತ್ತಿದಾಗ ತೆರೆಯುವ ಪುಟ, ಊರು, ಬಿಡ್ ಎಲ್ಲವೂ ಎರಡರಲ್ಲೂ ಒಂದೇ ಇರಬೇಕು. ಆಮೇಲೆ ಗೂಗಲ್‌ನದೇ ‘ಎಕ್ಸ್‌ಪೆರಿಮೆಂಟ್ಸ್’ ಸೌಲಭ್ಯದಲ್ಲಿ ಅರ್ಧಕ್ಕರ್ಧ ಪಾಲು ಮಾಡಿ, ಒಬ್ಬ ವ್ಯಕ್ತಿಗೆ ಮೊದಲ ಸಲ ಯಾವ ಸಾಲು ಕಂಡಿತೋ ಮುಂದೆಯೂ ಅದೇ ಕಾಣುವ ಆಯ್ಕೆಯನ್ನು ಒತ್ತಬೇಕು.

ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲೂ ಎ/ಬಿ ಟೆಸ್ಟ್ ಸೌಲಭ್ಯ ಉಂಟು. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜನರನ್ನು ಎರಡು ಪಾಲು ಮಾಡಿದ ಮೇಲೂ, ಆ ಪಾಲಿನೊಳಗೆ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಯಂತ್ರ ತಾನೇ ಆರಿಸುತ್ತದೆ. ‘ಸಂದರ್ಶನ’ ಎಂದ ಸಾಲು ಕೊನೆಯ ವರ್ಷದವರತ್ತ, ‘ಕನ್ನಡ’ ಎಂದದ್ದು ಸಣ್ಣ ಊರಿನವರತ್ತ ವಾಲಬಹುದು. ಆಗ ಗೆದ್ದದ್ದು ಸಾಲೋ, ಅದಕ್ಕೆ ಸಿಕ್ಕ ಜನವೋ ಹೇಳಲಾಗದು. ಮೈಕೇಲ್ ಬ್ರಾನ್ ಮತ್ತು ಎರಿಕ್ ಶ್ವಾರ್ಟ್ಜ್ ಎಂಬ ಸಂಶೋಧಕರು ಇದೇ ದೋಷವನ್ನು ಬಿಡಿಸಿ ತೋರಿಸಿದ್ದಾರೆ.

ಲೆಕ್ಕ ಹೀಗೆ

ಈಗ ನಮ್ಮ ಎರಡು ಸಾಲುಗಳನ್ನು ಓಡಿಸೋಣ. ಅಂಕಿಗಳು ವಿವರಣೆಗೆಂದು ನಾನೇ ಕಟ್ಟಿಕೊಂಡವು. ಪ್ರತಿ ಕ್ಲಿಕ್ಕಿಗೆ ₹12 ಎಂದುಕೊಳ್ಳಿ.

ಮೊದಲ ದಿನ ಎರಡೂ ತಲಾ 1,000 ಸಲ ಕಂಡವು. ಮೊದಲನೆಯದಕ್ಕೆ 28 ಕ್ಲಿಕ್, ಎರಡನೆಯದಕ್ಕೆ 42. ಒಂದೂವರೆ ಪಟ್ಟು! ಇಲ್ಲೇ ಟೆಸ್ಟ್ ನಿಲ್ಲಿಸಿ ಎರಡನೆಯದಕ್ಕೆ ಹಾರ ಹಾಕುವವರು ಬಹಳ. ಆದರೆ ಆಕಸ್ಮಿಕವೂ ಇಂಥ ಆಟ ಆಡುತ್ತದೆ. ಅದನ್ನು ಬೆರಳ ತುದಿಯಲ್ಲೇ ಪರೀಕ್ಷಿಸುವ ಒಂದು ಸೂತ್ರವಿದೆ. ಎರಡೂ ಸಾಲು ಸಮಸಮ ಸಲ ಕಂಡಿದ್ದರೆ, ಎರಡರ ಕ್ಲಿಕ್ಕುಗಳ ವ್ಯತ್ಯಾಸದ ಅರ್ಧ ತೆಗೆದು ಅದರ ವರ್ಗ ಮಾಡಿ. ಅದು ಒಟ್ಟು ಕ್ಲಿಕ್ಕುಗಳಿಗಿಂತ ಹೆಚ್ಚಾದರೆ ಮಾತ್ರ ವ್ಯತ್ಯಾಸವನ್ನು ನಂಬಬಹುದು. ಇಲ್ಲಿ ವ್ಯತ್ಯಾಸ 14, ಅರ್ಧ 7, ವರ್ಗ 49. ಒಟ್ಟು ಕ್ಲಿಕ್ 70. ಇನ್ನೂ ಏನೂ ಸಾಬೀತಾಗಿಲ್ಲ.

ಎರಡು ವಾರದ ನಂತರ ತಲಾ 15,000 ಸಲ ಕಂಡಿವೆ. ಮೊದಲನೆಯದಕ್ಕೆ 450 ಕ್ಲಿಕ್, ಎರಡನೆಯದಕ್ಕೆ 540. ವ್ಯತ್ಯಾಸ 90, ಅರ್ಧ 45, ವರ್ಗ 2,025. ಒಟ್ಟು 990. ಈಗ ಗೆರೆ ದಾಟಿತು. ಎರಡು ಸಾಲುಗಳಿಗೂ ನಿಜವಾಗಿ ಸಮಾನ ಬಲವಿದ್ದಿದ್ದರೆ ಇಷ್ಟು ಅಂತರ ಬರುವುದು ಇಪ್ಪತ್ತರಲ್ಲಿ ಒಂದು ಸಲಕ್ಕಿಂತಲೂ ಕಡಿಮೆ. ಆ ‘ಇಪ್ಪತ್ತರಲ್ಲಿ ಒಂದು’ ಎಂಬ ಗೆರೆಯನ್ನು ರೂಢಿಗೆ ತಂದವನು ರೊನಾಲ್ಡ್ ಫಿಶರ್, 1920ರ ದಶಕದಲ್ಲಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ. ಹೊಲದ ಹೋಲಿಕೆ ಹಾಗೆ ಸುಮ್ಮನೆ ಬಂದದ್ದಲ್ಲ.

ಕ್ಲಿಕ್ಕಿನ ಲೆಕ್ಕದಲ್ಲಿ ಎರಡನೆಯ ಸಾಲು ಗೆದ್ದಿತು. ಸಂದರ್ಶನದ ಪ್ರಶ್ನೆ ಚುಚ್ಚುವಂಥದು, ಒತ್ತದೆ ಇರುವುದು ಕಷ್ಟ.

ಈಗ ಫೀಸು ಕಟ್ಟಿದವರನ್ನು ಎಣಿಸಿ. ಮೊದಲ ಸಾಲಿನ 450 ಜನರಲ್ಲಿ 18 ಮಂದಿ ಸೇರಿದರು, ಎರಡನೆಯದರ 540 ಜನರಲ್ಲಿ 10 ಮಂದಿ. ಮೊದಲನೆಯದಕ್ಕೆ ಖರ್ಚಾದದ್ದು ₹5,400, ಅಂದರೆ ಒಬ್ಬ ವಿದ್ಯಾರ್ಥಿಗೆ ₹300. ಎರಡನೆಯದಕ್ಕೆ ₹6,480, ಒಬ್ಬರಿಗೆ ₹648. ತಕ್ಕಡಿ ಇನ್ನೊಂದು ಕಡೆಗೆ ವಾಲಿತು.

ಆದರೆ ಅದೇ ಸೂತ್ರವನ್ನು ಇಲ್ಲೂ ಹಾಕಬೇಕಲ್ಲ. ವ್ಯತ್ಯಾಸ 8, ಅರ್ಧ 4, ವರ್ಗ 16, ಒಟ್ಟು ಸೇರಿದವರು 28. ಗೆರೆ ದಾಟಿಲ್ಲ. ಕ್ಲಿಕ್ಕಿನ ಬಗ್ಗೆ ಖಚಿತ, ವಿದ್ಯಾರ್ಥಿಗಳ ಬಗ್ಗೆ ಇನ್ನೂ ಅನುಮಾನ. ಈ ವೃತ್ತಿಯ ದೊಡ್ಡ ಬಲೆ ಇದು. ಬೇಗ ಎಣಿಕೆಗೆ ಸಿಗುವುದು ಬೇಕಾದದ್ದಲ್ಲ, ಬೇಕಾದದ್ದು ಬೇಗ ಎಣಿಕೆಗೆ ಸಿಗುವುದಿಲ್ಲ. ಹೀಗಾಗಿ ಅವಸರದವರು ಕ್ಲಿಕ್ಕನ್ನೇ ತೀರ್ಪು ಮಾಡಿಕೊಂಡು ಬಿಡುತ್ತಾರೆ.

ಟೆಸ್ಟನ್ನು ಆರು ವಾರ ಓಡಿಸಿದಾಗ ಎಲ್ಲವೂ ಮೂರು ಪಟ್ಟಾಯಿತು ಎನ್ನಿ. ಸೇರಿದವರು 54 ಮತ್ತು 30. ವ್ಯತ್ಯಾಸ 24, ಅರ್ಧ 12, ವರ್ಗ 144, ಒಟ್ಟು 84. ಈಗ ದಾಟಿತು. ಒಟ್ಟು ಖರ್ಚು ₹35,640. ಇಷ್ಟು ಕೈಯಲ್ಲಿಲ್ಲದವರು ನಡುವಿನ ಒಂದು ಮೆಟ್ಟಿಲನ್ನು ಎಣಿಸುತ್ತಾರೆ, ಉದಾಹರಣೆಗೆ ಉಚಿತ ಡೆಮೊ ತರಗತಿಗೆ ಕೊನೆಯವರೆಗೆ ಕೂತವರನ್ನು. ಅವರ ಸಂಖ್ಯೆ ಸೇರಿದವರಿಗಿಂತ ದೊಡ್ಡದು, ಅವರ ಆಸಕ್ತಿ ಬರೀ ಕ್ಲಿಕ್ಕಿಗಿಂತ ಗಟ್ಟಿ.

ಎಲ್ಲಿ ಎಡವುತ್ತಾರೆ

ದಿನಾ ಬೆಳಿಗ್ಗೆ ಅಂಕಿ ನೋಡಿ, ಗೆರೆ ದಾಟಿದ ದಿನವೇ ನಿಲ್ಲಿಸುವುದು ಮೊದಲ ತಪ್ಪು. ಇಪ್ಪತ್ತರಲ್ಲಿ ಒಂದು ಎಂಬ ಭರವಸೆ ಒಂದೇ ಸಲ ನೋಡುವವರಿಗೆ ಮಾತ್ರ. ನಲವತ್ತು ದಿನ ನಲವತ್ತು ಸಲ ನೋಡಿದರೆ ಸಮಬಲದ ಸಾಲುಗಳೂ ಒಂದಲ್ಲ ಒಂದು ದಿನ ಗೆರೆ ದಾಟಿದಂತೆ ಕಾಣುವ ಸಂಭವ ಇಪ್ಪತ್ತರಲ್ಲಿ ಒಂದಕ್ಕಿಂತ ಬಹಳ ಹೆಚ್ಚು. ಎಷ್ಟು ದಿನ, ಎಷ್ಟು ಸಲ ಎಂಬುದನ್ನು ಶುರುವಿಗೇ ಬರೆದಿಟ್ಟುಕೊಳ್ಳಬೇಕು. ದಿನಗಳು ಏಳರ ಲೆಕ್ಕದಲ್ಲಿರಲಿ, ಏಕೆಂದರೆ ಭಾನುವಾರದ ವಿದ್ಯಾರ್ಥಿ ಸೋಮವಾರದವನಂತಲ್ಲ.

ಎರಡನೆಯದು, ದುಡ್ಡು ಬರುವ ದಾರಿಯನ್ನು ಮರೆಯುವುದು. ಒತ್ತುವವನು ಹಾಸ್ಟೆಲ್ಲಿನ ಹುಡುಗ, ಹಣ ಹೋಗುವುದು ಅಪ್ಪನ ಫೋನಿನಿಂದ. ಮಂಗಳವಾರ ಒತ್ತಿದವನು ವಾರದ ಕೊನೆಗೆ ಊರಿಗೆ ಹೋಗಿ, ಊಟದ ಹೊತ್ತಿಗೆ ಮಾತೆತ್ತಿ, ಸೋಮವಾರ ಕಟ್ಟಬಹುದು. ಟೆಸ್ಟ್ ಮುಗಿದ ದಿನವೇ ಎಣಿಸಿದರೆ ಇಂಥವರೆಲ್ಲ ಲೆಕ್ಕದಿಂದ ಹೊರಗೆ. ಒಂದೆರಡು ವಾರ ಕಾದು ಲೆಕ್ಕ ಮುಚ್ಚಬೇಕು.

ಮೂರನೆಯದು, ಸೋತ ಸಾಲನ್ನು ಓದದೆ ಎಸೆಯುವುದು. ನಮ್ಮ ಎರಡನೆಯ ಸಾಲು ಯಾಕೆ ಸೋತಿತು? ಜನ ಏನು ಟೈಪ್ ಮಾಡಿ ಆ ಜಾಹೀರಾತಿಗೆ ಬಂದರು ಎಂಬ ಪಟ್ಟಿ ಗೂಗಲ್‌ನಲ್ಲಿ ಸಿಗುತ್ತದೆ. ಅದನ್ನು ತೆರೆದರೆ ‘ಪೈಥಾನ್ ಸಂದರ್ಶನ ಪ್ರಶ್ನೆ ಪಿಡಿಎಫ್’, ‘ಉಚಿತ’ ಎಂಬಂಥ ಮಾತುಗಳು ಸಾಲುಗಟ್ಟಿರುತ್ತವೆ ಎನ್ನಿ. ನಾಳೆ ಸಂದರ್ಶನ ಇರುವವನಿಗೆ ಇವತ್ತು ರಾತ್ರಿ ಪ್ರಶ್ನೋತ್ತರ ಬೇಕು, ಎಂಟು ವಾರದ ಕೋರ್ಸ್ ಬೇಡ. ಅಲ್ಲದೆ ಒತ್ತಿದ ಮೇಲೆ ತೆರೆದ ಪುಟದಲ್ಲಿ ಸಂದರ್ಶನದ ಮಾತೇ ಇರಲಿಲ್ಲ. ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಒಳಗೆ ಉತ್ತರವಿಲ್ಲ. ಆ ಹುಡುಕಾಟದ ಪದಗಳನ್ನು ಜಾಹೀರಾತಿಗೆ ನಿಷೇಧಿಸಿ, ಪುಟದಲ್ಲಿ ಸಂದರ್ಶನದ ಅಭ್ಯಾಸದ ವಿವರ ಸೇರಿಸಿ ಮತ್ತೆ ಓಡಿಸಿದರೆ ಫಲ ಬೇರೆಯಾದೀತು. ಆದರೆ ಅದು ಹೊಸ ಪರೀಕ್ಷೆ, ಎಣಿಕೆ ಸೊನ್ನೆಯಿಂದ.

ಟೆಸ್ಟಿಗೇ ಇಳಿಸಬಾರದ ಸಾಲುಗಳು

ಮೂರನೆಯ ಸ್ಪರ್ಧಿಯಾಗಿ 100% ಉದ್ಯೋಗ ಗ್ಯಾರಂಟಿ ಎಂದು ಹಾಕಿದ್ದರೆ? ಕ್ಲಿಕ್ಕಿನಲ್ಲೂ ಫೀಸಿನಲ್ಲೂ ಅದೇ ಎಲ್ಲರನ್ನೂ ಹಿಂದೆ ಹಾಕುವ ಸಾಧ್ಯತೆ ಉಂಟು. ಎ/ಬಿ ಟೆಸ್ಟಿಗೆ ಸುಳ್ಳು ನಿಜಗಳ ಗೊಡವೆಯಿಲ್ಲ, ಯಾವುದು ಕೆಲಸ ಮಾಡಿತೋ ಅದನ್ನು ಎತ್ತಿ ತೋರಿಸುತ್ತದೆ ಅಷ್ಟೆ. ಹಾಗಾಗಿ ಈ ಜರಡಿ ಟೆಸ್ಟಿಗಿಂತ ಮೊದಲೇ ಆಗಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ ಮಾರ್ಗಸೂಚಿ ಹೊರಡಿಸಿ, ಆಯ್ಕೆ ಖಚಿತ, ಕೆಲಸ ಖಚಿತ ಎಂಬಂಥ ಸುಳ್ಳು ಭರವಸೆಗಳನ್ನು ತಡೆದಿದೆ. ಸೀಟು ಬೇಕಾದಷ್ಟಿದ್ದರೂ ಇನ್ನು 3 ಸೀಟು ಮಾತ್ರ ಎಂದು ಅವಸರ ಹುಟ್ಟಿಸುವುದು 2023ರಲ್ಲೇ ಸರ್ಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿಯ ಪಟ್ಟಿಯಲ್ಲಿದೆ.

ನೀವು ಮನಸ್ಸಿನಲ್ಲಿ ಆರಿಸಿದ್ದು ಯಾವುದು? ಸಂದರ್ಶನದ ಸಾಲಾಗಿದ್ದರೆ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಕ್ಲಿಕ್ ಸಿಕ್ಕಿತು, ಒಬ್ಬ ವಿದ್ಯಾರ್ಥಿಗೆ ಎರಡು ಪಟ್ಟಿಗಿಂತ ಹೆಚ್ಚು ಖರ್ಚಾಯಿತು. ಎಂಟು ವಾರ ಎಂದು ಸಪ್ಪೆಯಾಗಿ ಹೇಳಿದ ಸಾಲು ಎಂಟು ವಾರ ಕೂರಬಲ್ಲವರನ್ನೇ ಕರೆತಂದಿತು.

ಜಾಹೀರಾತು ಹಾಕುವ ಕೆಲಸ ನಿಮ್ಮದಲ್ಲದಿದ್ದರೂ ಈ ಪರೀಕ್ಷೆಯಲ್ಲಿ ನಿಮಗೊಂದು ಪಾತ್ರ ಇದ್ದೇ ಇದೆ. ಮುಂದೊಮ್ಮೆ ನೀವೂ ರೂಮ್‌ಮೇಟೂ ಒಂದೇ ಪದ ಹುಡುಕಿ, ಒಂದೇ ಕೋರ್ಸಿಗೆ ಇಬ್ಬರ ಫೋನಿನಲ್ಲೂ ಬೇರೆ ಬೇರೆ ತಲೆಬರಹ ಕಂಡರೆ, ಯಾರೋ ನಿಮ್ಮನ್ನು ಎಣಿಸುತ್ತಿರಬಹುದು. ಎಣಿಸಿಕೊಳ್ಳಲಿ. ಫೀಸು ಕಟ್ಟುವ ಮುನ್ನ ಮಾತ್ರ ತಲೆಬರಹ ಬಿಟ್ಟು ಪುಟದ ಕೆಳಗೆ ಹೋಗಿ ಮೂರು ವಿಷಯ ಓದಿ: ಪಾಠಪಟ್ಟಿ, ಕಲಿಸುವವರ ಹೆಸರು, ನಡುವೆ ಬಿಟ್ಟರೆ ಹಣ ಮರಳಿಸುವ ನಿಯಮ. ಆ ಮೂರರಲ್ಲಿ ಒಂದಿಲ್ಲದಿದ್ದರೂ ತಲೆಬರಹ ಎಷ್ಟೇ ಚೆನ್ನಾಗಿರಲಿ, ದುಡ್ಡು ಕಟ್ಟಬೇಡಿ.